ಹಗ್ಗ ದಾಟಲು 3 ಸೆಂಟಿಮೀಟರ್ ಸಾಕು: ಮೊಣಕಾಲಿಗೆ ಪೆಟ್ಟಾಗದಂತೆ ಸ್ಕಿಪ್ಪಿಂಗ್ ಮಾಡುವುದು ಹೇಗೆ?

ಸ್ಕಿಪ್ಪಿಂಗ್ ಹಗ್ಗದ ದಪ್ಪ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಅದನ್ನು ದಾಟೋದಕ್ಕೆ ಹೊಸಬರು ಅರ್ಧ ಅಡಿ ಹಾರುತ್ತಾರೆ. ಮೊಣಕಾಲು ನೋವು, ಕಾಲಿನ ಮುಂದಿನ ಮೂಳೆಯ ನೋವು, ಹಿಮ್ಮಡಿ ನೋವು ಬಹುಪಾಲು ಶುರುವಾಗುವುದು ಇಲ್ಲಿಂದಲೇ. ಹಗ್ಗದ್ದು ತಪ್ಪಿಲ್ಲ, ನೆಲದ್ದೂ ಅಷ್ಟಾಗಿ ಇಲ್ಲ. ಎಷ್ಟು ಎತ್ತರ ಹಾರುತ್ತೀವಿ, ಯಾವ ಕೀಲಿನಿಂದ ಹಾರುತ್ತೀವಿ ಅನ್ನುವುದೇ ಮುಖ್ಯ.

ನಾನು ಗಂಗಾವತಿ ಕಡೆ ಶಾಲೆಯಲ್ಲಿ ಪಿ.ಟಿ. ಕಲಿಸುವವನು. ಬೆಳಿಗ್ಗೆ ಮೈದಾನಕ್ಕೆ ಮಕ್ಕಳ ಜೊತೆ ಅವರ ತಾಯಂದಿರೂ ಒಬ್ಬಿಬ್ಬರು ಬರುತ್ತಾರೆ. ಹಗ್ಗ ಕೈಗೆ ತೆಗೆದುಕೊಂಡ ಕೂಡಲೇ ಅವರು ಕೇಳುವುದು ಒಂದೇ ಪ್ರಶ್ನೆ: "ಸರ, ಹಿಂಗ ಜಿಗಿದ್ರ ಮೊಣಕಾಲು ಸವೀತಾವಂತ, ಖರೇ ಏನ್ರಿ?" ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸರಿಯಲ್ಲ. ಅದಕ್ಕೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಗಾಳಿಯಲ್ಲಿ ಇದ್ದಷ್ಟೂ ಹೊತ್ತು ನೆಲದ ಮೇಲೆ ಭಾರ ಜಾಸ್ತಿ

60 ಕೆಜಿ ತೂಕದ ಒಬ್ಬರು ನಿಮಿಷಕ್ಕೆ 120 ಸಲ ಜಿಗಿಯುತ್ತಾರೆ ಅಂದುಕೊಳ್ಳಿ. ಅಂದರೆ ಒಂದು ಜಿಗಿತಕ್ಕೆ ಸಿಗುವುದು ಅರ್ಧ ಸೆಕೆಂಡ್. ಈ ಅರ್ಧ ಸೆಕೆಂಡಿನಲ್ಲಿ ಎರಡು ಭಾಗ: ಪಾದ ಗಾಳಿಯಲ್ಲಿರುವ ಹೊತ್ತು, ಪಾದ ನೆಲದ ಮೇಲಿರುವ ಹೊತ್ತು.

ಒಂದೇ ಲಯದಲ್ಲಿ ಜಿಗಿಯುತ್ತಾ ಇರುವ ಮನುಷ್ಯನನ್ನು ನೆಲ ಒಟ್ಟಾರೆ ಸರಾಸರಿಯಲ್ಲಿ ಅವನ ತೂಕದಷ್ಟೇ ಬಲದಿಂದ ಮೇಲಕ್ಕೆ ತಳ್ಳಬೇಕು. ಇಲ್ಲದಿದ್ದರೆ ಆ ಲಯ ಉಳಿಯುವುದಿಲ್ಲ. ಆದರೆ ಪಾದ ಗಾಳಿಯಲ್ಲಿದ್ದಾಗ ನೆಲಕ್ಕೆ ತಳ್ಳಲು ಏನೂ ಸಿಗುವುದಿಲ್ಲ. ಹಾಗಾಗಿ ಅಷ್ಟೂ ಬಲ ಪಾದ ನೆಲಕ್ಕೆ ತಾಗಿದ ಚೂರು ಹೊತ್ತಿನಲ್ಲೇ ಬರಬೇಕು. ಗಾಳಿಯಲ್ಲಿ ಹೆಚ್ಚು ಹೊತ್ತು ಕಳೆದರೆ ನೆಲದ ಮೇಲಿನ ಹೊತ್ತು ಕಡಿಮೆಯಾಗುತ್ತದೆ, ಬಲ ಅದಕ್ಕೆ ತಕ್ಕಂತೆ ಏರುತ್ತದೆ.

ಇವರು 3 ಸೆಂ.ಮೀ. ಮಾತ್ರ ಮೇಲೇರಿದರೆ ಗಾಳಿಯಲ್ಲಿರುವುದು ಸುಮಾರು 0.16 ಸೆಕೆಂಡ್. ನೆಲಕ್ಕೆ ಉಳಿಯುವುದು 0.34 ಸೆಕೆಂಡ್. ಆ ಹೊತ್ತಿನ ಸರಾಸರಿ ಭಾರ ಸುಮಾರು 87 ಕೆಜಿ. ಅದೇ ಮನುಷ್ಯರು ಅದೇ ಲಯದಲ್ಲಿ 10 ಸೆಂ.ಮೀ. ಹಾರಿದರೆ ಗಾಳಿಯಲ್ಲೇ 0.29 ಸೆಕೆಂಡ್ ಹೋಗುತ್ತದೆ. ನೆಲದ ಮೇಲೆ ಸಿಗುವುದು 0.21 ಸೆಕೆಂಡ್ ಅಷ್ಟೇ. ಸರಾಸರಿ ಭಾರ ಸುಮಾರು 140 ಕೆಜಿ. ಇವು ಎರಡೂ ಸರಾಸರಿಗಳು. ಪಾದ ನೆಲದಲ್ಲಿರುವಾಗ ನಡುವೆ ಬರುವ ಅತಿ ಹೆಚ್ಚಿನ ಬಲ ಇದರ ಸುಮಾರು ಒಂದೂವರೆ ಪಟ್ಟು ಇರುತ್ತದೆ.

ಎತ್ತರದಲ್ಲಿ ವ್ಯತ್ಯಾಸ ಬರೀ 7 ಸೆಂ.ಮೀ. ಭಾರದಲ್ಲಿ ವ್ಯತ್ಯಾಸ ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ, ಅದೂ ಪ್ರತಿ ಜಿಗಿತಕ್ಕೆ, ನಿಮಿಷಕ್ಕೆ 120 ಸಲ.

"ಅಷ್ಟು ಕಡಿಮೆ ಹಾರಿದರೆ ಹಗ್ಗ ಸಿಕ್ಕಿಕೊಳ್ಳುವುದಿಲ್ವಾ?" ಅಂತ ಕೇಳಬಹುದು. ಈ ವೇಗದಲ್ಲಿ ಹಗ್ಗ ಪಾದದ ಅಡಿಯನ್ನು ದಾಟಿ ಹೋಗಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಕಾಗುವುದಿಲ್ಲ. 3 ಸೆಂ.ಮೀ. ಜಿಗಿತ ಅದರ ಎರಡು ಮೂರು ಪಟ್ಟು ಹೊತ್ತು ಕೊಡುತ್ತದೆ. ಕಾಲಿಗೆ ಹಗ್ಗ ಸಿಕ್ಕಿಕೊಳ್ಳುವುದು ಎತ್ತರ ಸಾಲದೆ ಅಲ್ಲ, ಜಿಗಿತದ ಹೊತ್ತು ತಪ್ಪಿ.

ಕೆಲಸ ಮಾಡಬೇಕಾದದ್ದು ಕಣಕಾಲು

ಕುಳಿತಲ್ಲಿಂದಲೇ ಒಂದು ಕೈಯನ್ನು ಹಿಮ್ಮಡಿಯ ಮೇಲೆ, ಹಿಂಬದಿಗೆ ಇಡಿ. ಬೆರಳಿನಷ್ಟು ದಪ್ಪದ ಗಟ್ಟಿ ಹುರಿಯೊಂದು ಸಿಗುತ್ತದೆ. ಇದೇ ಅಕಿಲೀಸ್ ಟೆಂಡನ್. ಮೇಲೆ ಅದು ಮೀನಖಂಡದ ಸ್ನಾಯುಗಳಿಗೆ ಸೇರುತ್ತದೆ, ಕೆಳಗೆ ಹಿಮ್ಮಡಿ ಮೂಳೆಗೆ ಅಂಟಿಕೊಂಡಿದೆ. ಈಗ ಹಿಮ್ಮಡಿ ಎತ್ತಿ, ಬೆರಳ ಬುಡ ಮಾತ್ರ ನೆಲದ ಮೇಲೆ ಇರಲಿ. ಹುರಿ ಬಿಗಿಯಾಗುವುದು ಕೈಗೆ ಗೊತ್ತಾಗುತ್ತದೆ.

ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲುಗಡೆ ಉಬ್ಬಿ ಕಾಣುವುದು ಗ್ಯಾಸ್ಟ್ರೋಕ್ನೀಮಿಯಸ್. ಅದು ಮೊಣಕಾಲನ್ನೂ ದಾಟಿ ತೊಡೆಯ ಮೂಳೆಯವರೆಗೆ ಹೋಗುತ್ತದೆ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಇರುವುದು ಸೋಲಿಯಸ್. ಅದು ಮೊಣಕಾಲನ್ನು ದಾಟುವುದಿಲ್ಲ. ಎರಡೂ ಒಂದೇ ಟೆಂಡನ್ ಮೂಲಕ ಹಿಮ್ಮಡಿಯನ್ನು ಎಳೆಯುತ್ತವೆ.

ಹಗುರವಾಗಿ ಜಿಗಿಯುವಾಗ ಸ್ನಾಯು ಅಷ್ಟಾಗಿ ಉದ್ದವಾಗುವುದಿಲ್ಲ, ಗಿಡ್ಡವೂ ಆಗುವುದಿಲ್ಲ. ಅದು ಬಿಗಿಯಾಗಿ ಹಿಡಿದು ನಿಂತಿರುತ್ತದೆ. ಚಾಚುವುದು, ಮರಳುವುದು ಎಲ್ಲ ಟೆಂಡನ್ನಿನ ಕೆಲಸ. ಕವಣೆಯ ರಬ್ಬರನ್ನು ಎಳೆದು ಬಿಟ್ಟ ಹಾಗೆ, ಇಳಿಯುವಾಗ ಚಾಚಿದ ಟೆಂಡನ್ ಮೇಲೇರುವಾಗ ಆ ಶಕ್ತಿಯ ಬಹುಪಾಲನ್ನು ವಾಪಸ್ ಕೊಡುತ್ತದೆ. ಆದರೆ ಅದನ್ನು ಬೇಗ ಬಳಸಿಕೊಳ್ಳಬೇಕು. ಇಳಿದು ಒಂದು ಗಳಿಗೆ ನಿಂತು ಮತ್ತೆ ಹಾರಿದರೆ ಆ ಶಕ್ತಿ ಕರಗಿಹೋಗಿರುತ್ತದೆ. ಆಗ ಪ್ರತಿ ಸಲ ತೊಡೆಯಿಂದ ಹೊಸದಾಗಿ ತಳ್ಳಬೇಕಾಗುತ್ತದೆ. ಜನರನ್ನು ಅವರಿಗೆ ಅನುಕೂಲವಾದ ಲಯದಲ್ಲಿ ಪುಟಿಯಲು ಬಿಟ್ಟರೆ ಹೆಚ್ಚಾಗಿ ಸೆಕೆಂಡಿಗೆ ಎರಡು ಸಲಕ್ಕಿಂತ ಸ್ವಲ್ಪ ಹೆಚ್ಚಿಗೆ, ಅಂದರೆ ನಿಮಿಷಕ್ಕೆ 130ರ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಅದಕ್ಕೇ ನಾನು 120ರಿಂದ 140ರ ಲಯ ಹೇಳುವುದು. ನಿಧಾನವಾಗಿ ಮಾಡಿದರೆ ಸುಲಭ ಅಂದುಕೊಂಡು 80ಕ್ಕೆ ಇಳಿಸಿದವರು ಎತ್ತರ ಹಾರಲೇಬೇಕಾಗುತ್ತದೆ, ಬೇಗ ಸುಸ್ತಾಗುತ್ತಾರೆ.

ಟೆಂಡನ್ನಿನ ಮೇಲಿನ ಎಳೆತವನ್ನೂ ತಿಳಿದುಕೊಂಡಿರಬೇಕು. ಕಣಕಾಲಿನ ಕೀಲಿನಿಂದ ಬೆರಳ ಬುಡ ದೂರ ಇದೆ, ಟೆಂಡನ್ ಹತ್ತಿರ ಇದೆ. ಹಾಗಾಗಿ ಪಾದದ ಮುಂಭಾಗದ ಮೇಲೆ ಬಿದ್ದ ಭಾರದ ಸುಮಾರು ಎರಡೂವರೆ ಪಟ್ಟು ಬಲದಿಂದ ಟೆಂಡನ್ ಎಳೆಯಬೇಕು. ಮೇಲಿನ ಲೆಕ್ಕದಲ್ಲಿ 3 ಸೆಂ.ಮೀ. ಜಿಗಿತಕ್ಕೆ ಒಂದೊಂದು ಪಾದಕ್ಕೆ ಸುಮಾರು 44 ಕೆಜಿ ಬಂತು, ಟೆಂಡನ್ನಿಗೆ 110 ಕೆಜಿ. 10 ಸೆಂ.ಮೀ. ಆದರೆ 175 ಕೆಜಿ. ಆರೋಗ್ಯವಾಗಿರುವ ಟೆಂಡನ್ ಇದನ್ನು ತಾಳುತ್ತದೆ. ಆದರೆ ವರ್ಷಗಟ್ಟಲೆ ಓಡದೆ, ಜಿಗಿಯದೆ ಇದ್ದವರ ಟೆಂಡನ್ನಿಗೆ ಮೊದಲ ದಿನವೇ ಸಾವಿರ ಸಲ ಇಷ್ಟು ಎಳೆತ ಕೊಡುವುದು ತಪ್ಪು. ಸ್ನಾಯು ಕೆಲವೇ ವಾರಗಳಲ್ಲಿ ಬಲವಾಗುತ್ತದೆ, ಟೆಂಡನ್ ಅದಕ್ಕಿಂತ ತಡ.

ಹಗ್ಗ ಹಿಡಿಯುವ ಮೊದಲು

ಗೋಡೆಗೆ ಎರಡು ಬೆರಳು ತಾಗಿಸಿ ಒಂಟಿ ಕಾಲಿನ ಮೇಲೆ ನಿಂತು ಹಿಮ್ಮಡಿಯನ್ನು ಪೂರ್ತಿ ಎತ್ತಿ, ನಿಧಾನವಾಗಿ ಇಳಿಸಿ. ಎರಡೂ ಕಾಲಲ್ಲಿ ಪ್ರತ್ಯೇಕವಾಗಿ 15 ಸಲ ನೋವಿಲ್ಲದೆ ಆದರೆ ಹಗ್ಗ ಶುರು ಮಾಡಬಹುದು. ಐದಾರಕ್ಕೇ ಹಿಮ್ಮಡಿ ಏಳದಿದ್ದರೆ ಎರಡು ಮೂರು ವಾರ ಇದನ್ನೇ ಮಾಡಿ. ಎರಡು ಕಾಲಿನಿಂದ ಎತ್ತಿ, ಮೂರು ಎಣಿಸುತ್ತಾ ಇಳಿಸುವುದು, ದಿನ ಬಿಟ್ಟು ದಿನ. ಮೊಣಕಾಲು ನೇರ ಇಟ್ಟು ಒಂದು ಸುತ್ತು, ಸ್ವಲ್ಪ ಮಡಚಿ ಇನ್ನೊಂದು ಸುತ್ತು. ಮಡಚಿದಾಗ ಮೇಲಿನ ಸ್ನಾಯು ಸಡಿಲವಾಗಿ ಒಳಗಿನ ಸೋಲಿಯಸ್‌ಗೆ ಕೆಲಸ ಬೀಳುತ್ತದೆ.

ಆಮೇಲೆ ಹಗ್ಗದ ಉದ್ದ. ಹಗ್ಗದ ನಡುವೆ ಒಂದು ಪಾದ ಇಟ್ಟು ಎರಡೂ ಹಿಡಿಗಳನ್ನು ಮೇಲಕ್ಕೆ ಎಳೆಯಿರಿ. ಹಿಡಿಯ ತುದಿ ಕಂಕುಳ ಮಟ್ಟಕ್ಕೆ ಬಂದರೆ ಕಲಿಯುವವರಿಗೆ ಸರಿ. ಗಿಡ್ಡ ಹಗ್ಗವಾದರೆ ಎತ್ತರ ಹಾರಲೇಬೇಕಾಗುತ್ತದೆ. ಹಗ್ಗ ಸರಿ ಇದ್ದೂ ಕೈಗಳನ್ನು ರೆಕ್ಕೆಯಂತೆ ಅಗಲಿಸಿದರೆ ಅದೂ ಗಿಡ್ಡವಾದ ಹಾಗೆಯೇ. ಮೊಣಕೈ ಪಕ್ಕೆಗೆ ಹತ್ತಿರ ಇರಲಿ, ಹಿಡಿ ಸೊಂಟದ ಮಟ್ಟದಲ್ಲಿ ಸ್ವಲ್ಪ ಮುಂದೆ ಇರಲಿ. ತಿರುಗಿಸುವುದು ಮಣಿಕಟ್ಟಿನಿಂದ, ಭುಜದಿಂದಲ್ಲ.

ಜಾಗದ ವಿಷಯ. ಗಟ್ಟಿಯಾಗಿ ತುಳಿದ ಮಣ್ಣಿನ ಮೈದಾನ ಚೆನ್ನ. ರಾಯಚೂರು, ಸಿಂಧನೂರು ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಅಲ್ಲಿ ಪಾದ ಹೊರಳುತ್ತದೆ. ನುಣುಪಾದ ಶಹಾಬಾದ್ ಕಲ್ಲಿನ ಮೇಲೆ ನೀರಿದ್ದರೆ ಜಾರುತ್ತದೆ. ಸಿಮೆಂಟಿನ ಮಾಳಿಗೆ ಆದೀತು, ಆದರೆ ಶೂ ಹಾಕಿಕೊಳ್ಳಿ. ಚಪ್ಪಲಿ ಬೇಡ. ನೆಲ ಮೆತ್ತಗಿರಲಿ ಅಂತ ಹಾಸಿಗೆ, ದಪ್ಪ ಫೋಮ್ ಹಾಕಬೇಡಿ, ಕಣಕಾಲು ಅಲ್ಲಾಡುತ್ತದೆ. ಗೋಣಿ ತಟ್ಟು ಸಿಮೆಂಟ್ ಮೇಲೆ ಸರಿಯುತ್ತದೆ, ಅದೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊತ್ತು ಏರುವ ಮುಂಚೆ ಮುಗಿಸಿಬಿಡಿ.

ಹಗ್ಗವಿಲ್ಲದೆ ಪುಟಿಯುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಪಾದಗಳನ್ನು ಹತ್ತಿರ ಇಟ್ಟು ನೇರ ನಿಲ್ಲಿ. ಮೊಣಕಾಲು ಬಿಗಿಯಾಗಿ ಲಾಕ್ ಆಗಿರಬಾರದು, ಚೂರು ಸಡಿಲ ಇರಲಿ. ತೂಕ ಬೆರಳುಗಳ ಬುಡದ ಮೇಲೆ ಇರಲಿ. ಈಗ ಮೊಣಕಾಲನ್ನು ಇನ್ನೂ ಮಡಚದೆ, ಕಣಕಾಲಿನಿಂದ ಮಾತ್ರ ಪುಟಿಯಿರಿ. ಬೆರಳ ತುದಿ ನೆಲದಿಂದ ಬಿಟ್ಟಿತೋ ಇಲ್ಲವೋ ಅನ್ನುವಷ್ಟು ಸಾಕು. ಇಳಿಯುವಾಗ ಮೊದಲು ಪಾದದ ಮುಂಭಾಗ ತಾಗಬೇಕು. ಹಿಮ್ಮಡಿ ಕೆಳಗೆ ಬರಬೇಕು, ಆದರೆ ನೆಲಕ್ಕೆ ಬಡಿಯಬಾರದು. ಒಂದೆರಡು ಸೆಂಟಿಮೀಟರ್ ಮೇಲೆ ನಿಲ್ಲಬಹುದು, ಅಥವಾ ಹಗುರವಾಗಿ ಸವರಿ ಹೋಗಬಹುದು. ಹಿಮ್ಮಡಿ ಕೆಳಗೆ ಬರುವ ಆ ದಾರಿಯಲ್ಲೇ ಟೆಂಡನ್ ಚಾಚುವುದು, ಇಳಿತದ ಬಲ ಹೆಚ್ಚು ಹೊತ್ತಿಗೆ ಹರಡಿಕೊಳ್ಳುವುದು. ಅಂಗಾಲು ಪೂರ್ತಿ ಒಮ್ಮೆಗೇ ಬಡಿದರೆ ಈ ದಾರಿ ಇಲ್ಲವಾಗುತ್ತದೆ. ಪೆಟ್ಟು ನೇರ ಮೂಳೆಗೆ ಏರುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಒಣಗಿದ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಹಿಮ್ಮಡಿಗೆ ಮಾತ್ರ ತುಸು ರಂಗೋಲಿ ಪುಡಿ ಸವರಿ. ಹತ್ತು ಸಲ ಪುಟಿದು ಪಕ್ಕಕ್ಕೆ ಸರಿಯಿರಿ. ನೆಲದ ಮೇಲೆ ಬಿಳಿ ಪುಡಿ ಅಲ್ಲಲ್ಲಿ ಉದುರಿದ್ದರೆ, ತೆಳುವಾಗಿ ಸವರಿದಂತೆ ಕಂಡರೆ ಸರಿ ಇದೆ. ದುಂಡನೆಯ ಹಿಮ್ಮಡಿ ಗುರುತು ಅಚ್ಚೊತ್ತಿದ್ದರೆ ನೀವು ಹಿಮ್ಮಡಿಯ ಮೇಲೆ ಬೀಳುತ್ತಿದ್ದೀರಿ. ಗುರುತು ಮುಂದೆ ಮುಂದೆ ಸಾಗಿದ್ದರೆ ಮೈ ಮುಂದಕ್ಕೆ ಬಾಗುತ್ತಿದೆ. ಆಗ ನೋಟವನ್ನು ನೆಲದಿಂದ ಎತ್ತಿ ಎದುರಿಗೆ ಇಡಿ.

ಶಬ್ದವೂ ಹೇಳುತ್ತದೆ. ಹಗುರ ಇಳಿತಕ್ಕೆ ಸಣ್ಣ, ಒಂದೇ ಸದ್ದು. "ಧಪ್" ಅಂತ ಕೇಳಿಸಿದರೆ ಎತ್ತರ ಜಾಸ್ತಿ. "ಟಪ್‌ಟಪ್" ಅಂತ ಎರಡು ಸದ್ದು ಬಂದರೆ ಮುಂಭಾಗದ ಹಿಂದೆಯೇ ಹಿಮ್ಮಡಿ ಬಡಿಯುತ್ತಿದೆ, ಇಲ್ಲವೇ ಎರಡು ಪಾದ ಒಟ್ಟಿಗೆ ಇಳಿಯುತ್ತಿಲ್ಲ.

ಇದರ ವಿರುದ್ಧದ ತಪ್ಪೂ ಇದೆ. ಹಿಮ್ಮಡಿ ತಾಗಬಾರದು ಅಂತ ಹೇಳಿದ್ದೇ ತಡ, ಕೆಲವರು ಬೆರಳ ತುದಿಯಲ್ಲೇ ನಿಂತುಬಿಡುತ್ತಾರೆ. ಆಗ ಹಿಮ್ಮಡಿ ಇಳಿಯುವುದೇ ಇಲ್ಲ, ಟೆಂಡನ್ನಿಗೆ ಚಾಚಲು ಜಾಗ ಸಿಗುವುದಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ. ಇನ್ನು ಕೆಲವರು ಮೆತ್ತಗೆ ಇಳಿಯಬೇಕು ಅಂತ ಮೊಣಕಾಲನ್ನು ಆಳವಾಗಿ ಮಡಚುತ್ತಾರೆ. ಕಟ್ಟೆಯಿಂದ ಕೆಳಗೆ ಹಾರುವಾಗ ಅದು ಸರಿಯಾದ ಕ್ರಮ. 3 ಸೆಂ.ಮೀ. ಜಿಗಿತಕ್ಕೆ ಅದು ಬೇಡ. ಲಯ ಒಡೆಯುತ್ತದೆ, ಭಾರ ಕಣಕಾಲಿನಿಂದ ಮಂಡಿಚಿಪ್ಪಿನ ಕಡೆಗೆ ಹೋಗುತ್ತದೆ. ಮೊಣಕಾಲಿನ ಕೆಲಸ ಚೂರು ಬಾಗಿ ಆಸರೆ ಕೊಡುವುದು ಮಾತ್ರ.

20 ಸೆಕೆಂಡ್ ಹೀಗೆ ಪುಟಿದು ಮಾತಾಡಿ ನೋಡಿ. ಮಾತು ಕತ್ತರಿಸಿದಂತೆ ಬಂದರೆ ಇನ್ನೂ ಎತ್ತರ ಹಾರುತ್ತಿದ್ದೀರಿ.

ಹಗ್ಗವನ್ನು ಸೇರಿಸುವುದು

ಮೊದಲು ಎರಡೂ ಹಿಡಿಗಳನ್ನು ಒಂದೇ ಕೈಯಲ್ಲಿ ಹಿಡಿದು ಪಕ್ಕದಲ್ಲಿ ತಿರುಗಿಸಿ. ಹಗ್ಗ ನೆಲಕ್ಕೆ ತಾಗಿ "ಚಟ್" ಅನ್ನುವ ಸದ್ದಿಗೆ ಸರಿಯಾಗಿ ಪುಟಿಯಿರಿ. ಬಲಗೈಯಲ್ಲಿ ಸ್ವಲ್ಪ ಹೊತ್ತು, ಎಡಗೈಯಲ್ಲಿ ಸ್ವಲ್ಪ ಹೊತ್ತು. ಇಲ್ಲಿ ಹಗ್ಗ ಕಾಲಿಗೆ ಸಿಗುವ ಭಯ ಇಲ್ಲ, ಹಾಗಾಗಿ ಎತ್ತರ ತಾನಾಗಿಯೇ ಇಳಿಯುತ್ತದೆ.

ನಂತರ ಎರಡೂ ಕೈ. ಹೊಸಬರು ಹಗ್ಗ ತಲೆಯ ಮೇಲಿರುವಾಗಲೇ ಹಾರಿಬಿಡುತ್ತಾರೆ. ಬೇಗ ಹಾರಿದ್ದಕ್ಕೆ ಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕು, ಅದಕ್ಕೆ ಎತ್ತರ ಹಾರಬೇಕು. ಆಗ ಪಾದವನ್ನು ಹಿಂದಕ್ಕೆ ಒದೆಯುವುದು, ಮಂಡಿ ಮೇಲೆತ್ತುವುದು ಎಲ್ಲ ಶುರುವಾಗುತ್ತದೆ. ಕಣ್ಣಿನಿಂದ ಹಗ್ಗ ನೋಡುವುದನ್ನು ಬಿಟ್ಟು ಕಿವಿಯನ್ನು ನಂಬಿ. ಪಕ್ಕದಲ್ಲಿ ತಿರುಗಿಸುವಾಗ ಕೇಳಿದ ಅದೇ ಸದ್ದು, ಅದೇ ಹೊತ್ತು.

ಒಬ್ಬ ಹುಡುಗನ ತಾಯಿಗೆ ಇದೇ ತೊಂದರೆ ಇತ್ತು. ಅವರು ಹಗ್ಗ ಹಿಡಿದರೆ ಮೊಣಕಾಲಿನ ಮುಂದೆ ನೋವು, ಹಗ್ಗವಿಲ್ಲದೆ ಪುಟಿದರೆ ಏನೂ ಇಲ್ಲ. "ಅಕ್ಕಾರ, ಒಂದ್ಸಲ ನಿಮ್ಮ ಮಗನ ಕೈಯಾಗ ಫೋನ್ ಕೊಡ್ರಿ" ಅಂದೆ. ಪಕ್ಕದಿಂದ, ಪಾದದ ಮಟ್ಟದಲ್ಲಿ ವಿಡಿಯೋ ತೆಗೆಸಿದೆವು. ಸೆಕೆಂಡಿಗೆ 30 ಚಿತ್ರಗಳ ಸಾಮಾನ್ಯ ವಿಡಿಯೋದಲ್ಲಿ ಹಗ್ಗವಿಲ್ಲದಾಗ ಪಾದ ಗಾಳಿಯಲ್ಲಿ ಕಂಡದ್ದು ಐದು ಚಿತ್ರಗಳಲ್ಲಿ. ಹಗ್ಗ ಹಿಡಿದಾಗ ಒಂಬತ್ತರಲ್ಲಿ. ಐದು ಅಂದರೆ ಸುಮಾರು 3 ಸೆಂ.ಮೀ., ಒಂಬತ್ತು ಅಂದರೆ ಸುಮಾರು 11 ಸೆಂ.ಮೀ. ಹಗ್ಗ ಎದೆಯ ಮಟ್ಟಕ್ಕೆ ಮಾತ್ರ ಬರುವಷ್ಟು ಗಿಡ್ಡ ಇತ್ತು, ಮಗನದ್ದು. ಕೈಗಳೂ ಅಗಲವಾಗಿದ್ದವು. ಉದ್ದದ ಹಗ್ಗ ಕೊಟ್ಟು, ಕಂಕುಳಲ್ಲಿ ಒಂದೊಂದು ಕರವಸ್ತ್ರ ಸಿಗಿಸಿಕೊಂಡು ಅದು ಬೀಳದಂತೆ ತಿರುಗಿಸಲು ಹೇಳಿದೆ. ಎತ್ತರ ಇಳಿಯಿತು, ಆ ನೋವೂ ನಿಂತಿತು.

ನೀವೂ ಹೀಗೆ ಅಳೆಯಬಹುದು. ಫೋನಿನಲ್ಲಿ ಸ್ಲೋ ಮೋಷನ್ ಇದ್ದರೆ ಇನ್ನೂ ಸ್ಪಷ್ಟ. ಸೆಕೆಂಡಿಗೆ 120 ಚಿತ್ರಗಳಾದರೆ 19 ಚಿತ್ರಗಳ ಹತ್ತಿರ ಇರಬೇಕು. ಒಂದು ಎಚ್ಚರ: ಮಂಡಿ ಮಡಚಿ ಪಾದ ಮೇಲೆಳೆದುಕೊಂಡವರಿಗೆ ಈ ಲೆಕ್ಕ ನಿಜ ಎತ್ತರಕ್ಕಿಂತ ಹೆಚ್ಚು ತೋರಿಸುತ್ತದೆ. ಅದೂ ತಿದ್ದಿಕೊಳ್ಳಬೇಕಾದ ತಪ್ಪೇ.

ಎಷ್ಟು ಮಾಡಬೇಕು

ಇಲ್ಲಿ ನಿಮಿಷ ಎಣಿಸುವುದಕ್ಕಿಂತ ನೆಲ ಮುಟ್ಟಿದ್ದು ಎಷ್ಟು ಸಲ ಅಂತ ಎಣಿಸುವುದು ಒಳ್ಳೆಯದು. 20 ಸೆಕೆಂಡ್ ಜಿಗಿತ, 40 ಸೆಕೆಂಡ್ ವಿಶ್ರಾಂತಿ, ಹೀಗೆ ಆರು ಸುತ್ತು. ಸುತ್ತಿಗೆ 40 ಇಳಿತ, ಒಟ್ಟು 240. ಮೊದಲ ಎರಡು ವಾರ ಇಷ್ಟೇ, ದಿನ ಬಿಟ್ಟು ದಿನ. ಉಸಿರಿಗೆ ಇದು ಸಾಲದು ಅನ್ನಿಸುತ್ತದೆ. ಅನ್ನಿಸಲಿ, ಉಳಿದದ್ದಕ್ಕೆ ನಡೆಯಿರಿ. ಮೂರನೇ ವಾರದಿಂದ ಒಂದೊಂದು ಸುತ್ತು ಸೇರಿಸುತ್ತಾ ಹೋಗಿ. ಸುತ್ತಿನ ಕೊನೆಯಲ್ಲಿ ಸದ್ದು ದೊಡ್ಡದಾದರೆ ಮೀನಖಂಡ ದಣಿದಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ, ಲೆಕ್ಕ ಪೂರ್ತಿ ಮಾಡಲು ಹೋಗಬೇಡಿ.

ಮರುದಿನ ಮೀನಖಂಡ ಎರಡೂ ಕಡೆ ಹಿಡಿದುಕೊಂಡಿದ್ದರೆ ಅದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯ ಮೇಲಿನ ಹುರಿ ಬಿಗಿದು ನೋಯುತ್ತಿದ್ದರೆ, ಎರಡು ಬೆರಳಿನಿಂದ ಒತ್ತಿದರೆ ಚುಚ್ಚಿದರೆ, ಟೆಂಡನ್ನಿಗೆ ಜಾಸ್ತಿ ಆಗಿದೆ. ಜಿಗಿತ ಬಿಟ್ಟು ಹಿಮ್ಮಡಿ ಎತ್ತುವ ವ್ಯಾಯಾಮಕ್ಕೆ ಮರಳಿ. ಮೊಣಕಾಲ ಕೆಳಗಿನ ಮುಂದಿನ ಮೂಳೆಯಲ್ಲಿ ಒಂದು ಬೆರಳಿನಷ್ಟು ಜಾಗದಲ್ಲೇ ನೋವಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಪೂರ್ತಿ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಹಿಂದಿನಿಂದ ಯಾರೋ ಒದ್ದಂತೆ "ಪಟ್" ಅಂದು ಬೆರಳ ಮೇಲೆ ನಿಲ್ಲಲಾಗದಿದ್ದರೆ, ಅಥವಾ ಒಂದೇ ಮೀನಖಂಡ ಊದಿ ಬಿಸಿಯಾದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಬರಿಗಾಲಲ್ಲಿ ಮಾಡಬೇಡಿ, ಮೊದಲು ಡಾಕ್ಟರನ್ನು ಕೇಳಿ. ರಾಯಚೂರು, ಕೊಪ್ಪಳದ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ವರ್ಷಗಳಿಂದ ಅದನ್ನು ಕುಡಿದು ಕೀಲು, ಬೆನ್ನು ಬಿಗಿದುಕೊಂಡವರಿಗೆ ಜಿಗಿತ ಹಗುರವಾದರೂ ಸರಿಹೋಗುವುದಿಲ್ಲ. ಅವರು ಹಗ್ಗದ ಮಾತಿಗೆ ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು.

ಇನ್ನು, ಓಡುವಂತೆ ಒಂದೊಂದೇ ಕಾಲಿನ ಮೇಲೆ ಜಿಗಿಯುವ ಕ್ರಮ. ನೋಡಲು ಸುಲಭ, ಚುರುಕು. ಆದರೆ ಎರಡು ಪಾದ ಹಂಚಿಕೊಳ್ಳುತ್ತಿದ್ದ ಭಾರ ಅಲ್ಲಿ ಪ್ರತಿ ಸಲ ಒಂದೇ ಪಾದಕ್ಕೆ ಬೀಳುತ್ತದೆ. 44 ಕೆಜಿ ಬರುತ್ತಿದ್ದ ಪಾದಕ್ಕೆ 87 ಬರುತ್ತದೆ, ಟೆಂಡನ್ನಿಗೆ 200 ದಾಟುತ್ತದೆ. ಆರೆಂಟು ವಾರ ಎರಡು ಕಾಲಿನ ಹಗುರ ಜಿಗಿತ ನೋವಿಲ್ಲದೆ ನಡೆದ ಮೇಲೆ, ಒಂಟಿ ಕಾಲಿನಲ್ಲಿ ಹಗ್ಗವಿಲ್ಲದೆ 20 ಸಲ ಸದ್ದಿಲ್ಲದೆ ಪುಟಿಯಲು ಆದರೆ ಅದಕ್ಕೆ ಕೈ ಹಾಕಿ. ಅದನ್ನೂ ಆರು ಸುತ್ತಿನಲ್ಲಿ ಒಂದು ಸುತ್ತು ಮಾತ್ರ ಸೇರಿಸಿ ಶುರು ಮಾಡಿ.